ನೀರಿನ ಮೀಟರು ತಪ್ಪು ಹೇಳಿದಾಗ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ವೈಎಫ್-ಎಸ್201 ಕೊಡಿ ಎಂದರೆ ಅಂಗೈಯಲ್ಲಿ ಹಿಡಿಸುವ ಒಂದು ಕಪ್ಪು ಪ್ಲಾಸ್ಟಿಕ್ ಸೆನ್ಸರನ್ನು ಮುಂದಿಡುತ್ತಾರೆ. ಅರ್ಧ ಇಂಚಿನ ಪೈಪಿಗೆ ಜೋಡಿಸುವ ಈ ಸೆನ್ಸರಿನ ಹೊಟ್ಟೆಯಲ್ಲಿ ಪುಟ್ಟದೊಂದು ಚಕ್ರವಿದೆ. ನೀರು ಹರಿದಂತೆ ಚಕ್ರ ತಿರುಗುತ್ತದೆ, ಅದರಲ್ಲಿರುವ ಅಯಸ್ಕಾಂತ ಒಂದು ಹಾಲ್ ಸೆನ್ಸರಿನ ಎದುರು ಹಾದುಹೋದಾಗಲೆಲ್ಲ ತಂತಿಯಲ್ಲಿ ಒಂದು ಪಲ್ಸ್ ಹೊರಬರುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 450 ಪಲ್ಸ್. ನಿಮಿಷಕ್ಕೆ 10 ಲೀಟರ್ ಹರಿದರೆ ಸೆಕೆಂಡಿಗೆ 75 ಪಲ್ಸ್, ಸೆನ್ಸರಿನ ಮಿತಿಯಾದ 30 ಲೀಟರ್ ಹರಿದರೆ 225. ಪಲ್ಸ್ ಎಣಿಸಿ 450ರಿಂದ ಭಾಗಿಸಿದರೆ ಎಷ್ಟು ಲೀಟರ್ ಹರಿಯಿತೆಂದು ತಿಳಿಯುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಸಾಮಾನು.

ಎಣಿಸುವುದರಲ್ಲಿ ಕಷ್ಟವೇನಿದೆ ಅನ್ನಿಸಬಹುದು. ಆದರೆ ಎಣಿಸುವ ಚಿಪ್ಪಿಗೆ ಬೇರೆ ಕೆಲಸಗಳೂ ಇರುತ್ತವೆ. ಎಲ್‌ಸಿಡಿ ಪರದೆಯ ಮೇಲೆ ಅಂಕಿ ಬರೆಯಬೇಕು, ಬಟನ್ ಒತ್ತಿದ್ದಾರೆಯೇ ನೋಡಬೇಕು, ನೀರಿನ ಉಷ್ಣತೆಯನ್ನೂ ಅಳೆಯಬೇಕು. ಉಷ್ಣತೆ ಅಳೆಯಲು ಎಲ್ಲರೂ ಬಳಸುವ ಡಿಎಸ್18ಬಿ20 ಸೆನ್ಸರ್ 12 ಬಿಟ್‌ಗಳ ನಿಖರತೆಯಲ್ಲಿ ಒಂದು ಅಳತೆ ಕೊಡಲು 750 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಪ್ರೋಗ್ರಾಂ ಅಷ್ಟು ಹೊತ್ತು ಅದನ್ನೇ ಕಾಯುತ್ತ ನಿಂತರೆ ಅತ್ತ ಪೈಪಿನಲ್ಲಿ 56 ಪಲ್ಸ್ ಹಾದುಹೋಗಿರುತ್ತವೆ, ನೋಡಿದವರು ಯಾರೂ ಇಲ್ಲ.

ಇದಕ್ಕೆ ಇರುವ ಪರಿಹಾರವೇ ಇಂಟರಪ್ಟ್. ಪಲ್ಸ್ ಬರುವ ತಂತಿಯನ್ನು ಚಿಪ್ಪಿನ ವಿಶೇಷ ಪಿನ್ ಒಂದಕ್ಕೆ ಜೋಡಿಸುತ್ತಾರೆ. ಪಲ್ಸ್ ಬಂದ ಕೂಡಲೇ ಚಿಪ್ ತಾನು ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಈ ಘಟನೆಗೆಂದೇ ಬರೆದಿಟ್ಟ ಒಂದು ಸಣ್ಣ ಪ್ರೋಗ್ರಾಮಿಗೆ ಜಿಗಿದು, ಅದನ್ನು ಮುಗಿಸಿ, ಬಿಟ್ಟ ಜಾಗಕ್ಕೇ ಮರಳುತ್ತದೆ. ಆ ಸಣ್ಣ ಪ್ರೋಗ್ರಾಮಿಗೆ ಇಂಟರಪ್ಟ್ ಸರ್ವಿಸ್ ರೊಟೀನ್, ಚಿಕ್ಕದಾಗಿ ಐಎಸ್‌ಆರ್ ಎನ್ನುತ್ತಾರೆ. ನಮ್ಮ ಮೀಟರಿನದು ಇಷ್ಟೇ:

```c
volatile uint16_t count = 0;

ISR(INT0_vect)
{
    count++;
}
```

ಒಂದೇ ಸಾಲಿನ ಕೆಲಸ. ಹಾಗಿದ್ದೂ ಮೀಟರು ತಪ್ಪು ಹೇಳಲು ನಾಲ್ಕು ದಾರಿಗಳಿವೆ. ಮುಖ್ಯ ಪ್ರೋಗ್ರಾಮಿಗೆ ತನ್ನನ್ನು ನಡುವೆ ನಿಲ್ಲಿಸಿದ್ದು ಗೊತ್ತೇ ಆಗುವುದಿಲ್ಲ ಎಂಬುದೇ ಈ ನಾಲ್ಕಕ್ಕೂ ಮೂಲ. ಆದ್ದರಿಂದ ಐಎಸ್‌ಆರ್ ಬೇಗ ಬಂದು ಬೇಗ ಹೋಗಬೇಕು, ಮುಟ್ಟಿದ್ದನ್ನೆಲ್ಲ ಇದ್ದ ಹಾಗೇ ಬಿಟ್ಟುಹೋಗಬೇಕು, ಕರೆ ಕೊಟ್ಟ ಯಂತ್ರಾಂಶಕ್ಕೆ ನಿನ್ನ ಕರೆ ಮುಟ್ಟಿತು ಎಂದು ಹೇಳಿ ಹೋಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ತಪ್ಪುತ್ತದೆ. ಯಾವುದು ತಪ್ಪಿದರೆ ಹೇಗೆ ತಪ್ಪುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಬಿಟ್ಟ ಜಾಗಕ್ಕೆ ಮರಳುವುದು

ಮೊದಲು ಆರ್ಡುಯಿನೊ ಊನೊ ಬೋರ್ಡನ್ನು ತೆಗೆದುಕೊಳ್ಳೋಣ. ಅದರಲ್ಲಿರುವುದು ಎಟಿಮೆಗಾ328ಪಿ ಎಂಬ 8 ಬಿಟ್ ಚಿಪ್. ಅದರ ಗಡಿಯಾರ ಸೆಕೆಂಡಿಗೆ 1.6 ಕೋಟಿ ಬಾರಿ ಮಿಡಿಯುತ್ತದೆ, ಅಂದರೆ ಒಂದು ಮಿಡಿತಕ್ಕೆ 62.5 ನ್ಯಾನೊಸೆಕೆಂಡು. ಪಲ್ಸ್ ಬಂದಾಗ ಚಿಪ್ ಕೈಯಲ್ಲಿದ್ದ ಒಂದು ಸೂಚನೆಯನ್ನು ಮುಗಿಸುತ್ತದೆ. ಮುಂದೆ ಎಲ್ಲಿಂದ ಶುರು ಮಾಡಬೇಕೆಂಬ ವಿಳಾಸವನ್ನು ಸ್ಟ್ಯಾಕ್ ಎಂಬ ಮೆಮೊರಿ ಭಾಗದಲ್ಲಿ ಬರೆದಿಡುತ್ತದೆ. ಇನ್ನೊಂದು ಇಂಟರಪ್ಟ್ ನಡುವೆ ನುಗ್ಗದಂತೆ ಬಾಗಿಲು ಮುಚ್ಚುತ್ತದೆ. ಇಷ್ಟಕ್ಕೆ ಕನಿಷ್ಠ 4 ಮಿಡಿತ ಬೇಕು, ಅಲ್ಲಿಂದ ಐಎಸ್‌ಆರ್ ಇರುವ ಜಾಗಕ್ಕೆ ಜಿಗಿಯಲು ಇನ್ನೂ 3.

ಈ ಚಿಪ್ ತಾನಾಗಿ ಕಾಪಾಡುವುದು ಮರಳುವ ವಿಳಾಸವೊಂದನ್ನೇ. ಆದರೆ ಮುಖ್ಯ ಪ್ರೋಗ್ರಾಮಿನ ಕೆಲಸ ಅರ್ಧಕ್ಕೆ ನಿಂತಿದೆಯಲ್ಲ, ಆ ಅರ್ಧ ಕೆಲಸದ ಅಂಕಿಗಳೆಲ್ಲ ಚಿಪ್ಪಿನ ರಿಜಿಸ್ಟರುಗಳಲ್ಲಿವೆ. ಐಎಸ್‌ಆರ್ ಕೂಡ ಎಣಿಕೆ ಏರಿಸಲು ಅವೇ ರಿಜಿಸ್ಟರುಗಳನ್ನು ಬಳಸಬೇಕು. ಇದರ ಜತೆಗೆ `SREG` ಎಂಬ ಸ್ಥಿತಿ ರಿಜಿಸ್ಟರ್ ಇದೆ. ಹಿಂದಿನ ಲೆಕ್ಕದ ಫಲಿತಾಂಶ ಸೊನ್ನೆಯಾಯಿತೇ, ಕೈಯಲ್ಲಿ ದಶಕ ಉಳಿಯಿತೇ ಎಂಬಂಥ ಟಿಪ್ಪಣಿಗಳು ಅದರಲ್ಲಿರುತ್ತವೆ. ಮುಖ್ಯ ಪ್ರೋಗ್ರಾಂ ಎರಡು ಸಂಖ್ಯೆಗಳನ್ನು ಹೋಲಿಸಿ, ಸಮವಾಗಿದ್ದರೆ ಮೋಟರ್ ನಿಲ್ಲಿಸು ಎಂಬ ಮುಂದಿನ ಸೂಚನೆಗೆ ಇನ್ನೇನು ಹೋಗಬೇಕು ಎನ್ನುವಾಗ ಪಲ್ಸ್ ಬಂತೆಂದುಕೊಳ್ಳಿ. ಐಎಸ್‌ಆರ್ ಮಾಡಿದ ಕೂಡಿಕೆ `SREG`ನಲ್ಲಿ ಸಮವಾಗಿವೆ ಎಂದಿದ್ದ ಟಿಪ್ಪಣಿಯನ್ನು ಅಳಿಸಿಹಾಕುತ್ತದೆ. ಮರಳಿ ಬಂದ ಪ್ರೋಗ್ರಾಂ ಆ ಹೊಸ ಟಿಪ್ಪಣಿಯನ್ನು ನಂಬಿ ಮೋಟರನ್ನು ಓಡಲು ಬಿಡುತ್ತದೆ. ಹೋಲಿಕೆ ಸರಿಯಾಗಿತ್ತು, ನಂತರದ ಸೂಚನೆಯೂ ಸರಿಯಾಗಿತ್ತು, ನಡುವೆ ಬಂದವನು ಗುರುತು ಅಳಿಸಿ ಹೋದದ್ದರಿಂದ ಮಾತ್ರ ತೀರ್ಮಾನ ತಲೆಕೆಳಗಾಯಿತು.

ಆದ್ದರಿಂದ ಐಎಸ್‌ಆರ್ ತಾನು ಮುಟ್ಟಲಿರುವ ರಿಜಿಸ್ಟರುಗಳನ್ನೂ `SREG`ಅನ್ನೂ ಮೊದಲು ಸ್ಟ್ಯಾಕಿಗೆ ಹಾಕಿ, ಹೊರಡುವಾಗ ತಿರುವುಮುರುವಾಗಿ ತೆಗೆದು ಮರಳಿ ತುಂಬಬೇಕು. ಕಾಂಟೆಕ್ಸ್ಟ್ ಉಳಿಸುವುದು ಎಂದರೆ ಇದೇ. ಸಿ ಭಾಷೆಯಲ್ಲಿ ಬರೆಯುವವರಿಗೆ `ISR` ಎಂಬ ಆ ಪದವನ್ನು ನೋಡಿದೊಡನೆ ಕಂಪೈಲರ್ ಈ ಸೂಚನೆಗಳನ್ನು ತಾನೇ ಸೇರಿಸಿಕೊಡುತ್ತದೆ. ಅಸೆಂಬ್ಲಿಯಲ್ಲಿ ಬರೆಯುವವರು ಕೈಯಾರೆ ಬರೆಯಬೇಕು, ಮರೆತರೆ ಕೇಳುವವರಿಲ್ಲ.

ನಮ್ಮ `count++` ಕಂಪೈಲ್ ಆದ ಮೇಲೆ ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕಬಹುದು. ಒಳಬರಲು 7 ಮಿಡಿತ. ಐದು ಬೈಟುಗಳನ್ನು ಸ್ಟ್ಯಾಕಿಗೆ ಹಾಕಿ ಸಿದ್ಧವಾಗಲು 12. ಎಣಿಕೆಯನ್ನು ಓದಿ, ಒಂದು ಕೂಡಿ, ಮರಳಿ ಬರೆಯಲು 10. ತೆಗೆದದ್ದನ್ನೆಲ್ಲ ಸ್ವಸ್ಥಾನಕ್ಕೆ ಸೇರಿಸಲು 11. ಹೊರಡಲು 4. ಒಟ್ಟು 44 ಮಿಡಿತ, ಅಂದರೆ 2.75 ಮೈಕ್ರೋಸೆಕೆಂಡು. ಕಂಪೈಲರಿನ ಆವೃತ್ತಿಗೆ ತಕ್ಕಂತೆ ಇದು ತುಸು ಆಚೀಚೆ ಆದೀತು. ಅಂತೂ ಅಸಲು ಕೆಲಸಕ್ಕೆ ಹೋದದ್ದು ಕಾಲು ಭಾಗಕ್ಕೂ ಕಡಿಮೆ, ಉಳಿದದ್ದೆಲ್ಲ ಬಂದು ಹೋಗುವ ಖರ್ಚು.

ರಿಜಿಸ್ಟರ್ ಉಳಿಸಿದರೂ ಉಳಿಯದ್ದು

ಕಾಂಟೆಕ್ಸ್ಟ್ ಉಳಿಸಿದರೆ ಮುಖ್ಯ ಪ್ರೋಗ್ರಾಂ ಪೂರ್ತಿ ಸುರಕ್ಷಿತ ಎಂದು ಭಾವಿಸುವವರು ಬಹಳ. ಉಳಿಯುವುದು ರಿಜಿಸ್ಟರುಗಳು ಮಾತ್ರ. ಮೆಮೊರಿಯಲ್ಲಿರುವ `count` ಇಬ್ಬರಿಗೂ ಸೇರಿದ್ದು, ಅದನ್ನು ಐಎಸ್‌ಆರ್ ಬದಲಿಸಲೆಂದೇ ಬರುತ್ತದೆ. ತೊಡಕು ಹುಟ್ಟುವುದು ಇಲ್ಲಿ: `count` 16 ಬಿಟ್‌ನದು, ಚಿಪ್ 8 ಬಿಟ್‌ನದು. ಒಂದು ಸಂಖ್ಯೆಯನ್ನು ಅದು ಎರಡು ತುತ್ತಿನಲ್ಲಿ ಓದಬೇಕು, ಮೊದಲು ಕೆಳಗಿನ ಬೈಟ್, ಆಮೇಲೆ ಮೇಲಿನದು.

ಎಣಿಕೆ 255ರಲ್ಲಿದೆ ಅನ್ನಿ. ಹದಿನಾರರ ಮಾನದಲ್ಲಿ ಬರೆದರೆ `00FF`. ಮುಖ್ಯ ಪ್ರೋಗ್ರಾಂ ಕೆಳಗಿನ ಬೈಟ್ `FF` ಓದಿತು. ಆ ಕ್ಷಣಕ್ಕೆ ಪಲ್ಸ್ ಬಂತು, ಐಎಸ್‌ಆರ್ ಎಣಿಕೆಯನ್ನು 256 ಮಾಡಿತು, ಅಂದರೆ `0100`. ಮುಖ್ಯ ಪ್ರೋಗ್ರಾಂ ಮರಳಿ ಬಂದು ಮೇಲಿನ ಬೈಟ್ `01` ಓದಿತು. ಅದರ ಕೈಗೆ ಸಿಕ್ಕ ಸಂಖ್ಯೆ `01FF`, ಅಂದರೆ 511. ಹಿಂದೆಂದೂ ಇರದಿದ್ದ ಸಂಖ್ಯೆ ಇದು. ಮುಂದಿನ ಸಲ ಓದಿದಾಗ ಸರಿಯಾಗಿ 256 ಸಿಗುತ್ತದೆ. ಹಿಂದಿನ ಓದಿಗೂ ಈಗಿನ ಓದಿಗೂ ಇರುವ ವ್ಯತ್ಯಾಸವನ್ನು ಕೂಡುತ್ತ ಹೋಗುವ ಪ್ರೋಗ್ರಾಂ ಆಗಿದ್ದರೆ 511ರಿಂದ 256ಕ್ಕೆ ಇಳಿದದ್ದನ್ನು ಅದು ಇಳಿಕೆ ಎಂದು ತಿಳಿಯುವುದಿಲ್ಲ. ಎಣಿಕೆ 65,535 ದಾಟಿ ಸೊನ್ನೆಯಿಂದ ಮತ್ತೆ ಶುರುವಾಗಿ 256ಕ್ಕೆ ಬಂದಿದೆ ಎಂದೇ ಲೆಕ್ಕ ಹಾಕುತ್ತದೆ. ಹೆಚ್ಚುವರಿಯಾಗಿ ಸೇರಿದ್ದು ಸರಿಯಾಗಿ 65,536 ಪಲ್ಸ್. ಪರದೆಯ ಮೇಲೆ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ 145 ಲೀಟರಿಗೂ ಹೆಚ್ಚು ನೀರು ಹರಿದುಹೋಗಿರುತ್ತದೆ!

ಇದು ಎಷ್ಟು ಸಲ ಆದೀತು? ಎರಡು ಓದುಗಳ ನಡುವಿನ ಅಪಾಯದ ಸಂದು 2 ಮಿಡಿತ, 125 ನ್ಯಾನೊಸೆಕೆಂಡು. ಪ್ರೋಗ್ರಾಂ ಸೆಕೆಂಡಿಗೆ ಹತ್ತು ಸಾವಿರ ಬಾರಿ ಎಣಿಕೆ ನೋಡುತ್ತಿದ್ದರೆ ಪ್ರತಿ ಸೆಕೆಂಡಿನಲ್ಲೂ 800ರಲ್ಲಿ ಒಂದು ಪಾಲು ಸಮಯ ಈ ಸಂದಿನಲ್ಲೇ ಕಳೆಯುತ್ತದೆ. ಕೆಡುಕು ಆಗುವುದು ಪ್ರತಿ 256ನೇ ಪಲ್ಸ್ ಅಲ್ಲಿ ಬಿದ್ದಾಗ ಮಾತ್ರ. ಸೆಕೆಂಡಿಗೆ 75 ಪಲ್ಸ್ ಇದ್ದರೆ ಸರಾಸರಿ ಮುಕ್ಕಾಲು ಗಂಟೆಗೊಮ್ಮೆ ಆಗುತ್ತದೆ. ಲ್ಯಾಬಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿದವರ ಕಣ್ಣಿಗೆ ಬೀಳದೇ ಇರುವುದಕ್ಕೂ, ಮನೆಯ ಟ್ಯಾಂಕಿಗೆ ಕೂಡಿಸಿದ ದಿನವೇ ಕಾಣಿಸಿಕೊಳ್ಳುವುದಕ್ಕೂ ಸರಿಯಾದ ಅಂತರ ಅದು.

ಪರಿಹಾರ ಸುಲಭ. ಓದುವಷ್ಟು ಹೊತ್ತು ಮಾತ್ರ ಇಂಟರಪ್ಟ್ ಬಾಗಿಲು ಮುಚ್ಚಿ, ಒಂದು ನಕಲು ತೆಗೆದುಕೊಂಡು, ತಕ್ಷಣ ತೆರೆಯಬೇಕು:

```c
cli();
uint16_t copy = count;
sei();
```

ಮುಚ್ಚಿದ ಹೊತ್ತಿನಲ್ಲಿ ಪಲ್ಸ್ ಬಂದರೆ ಅದು ಕಳೆದುಹೋಗುವುದಿಲ್ಲ, ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಕಾಯುತ್ತದೆ ಅಷ್ಟೆ. `count` ಘೋಷಿಸುವಾಗ ಹಾಕಿದ `volatile` ಪದವೂ ಬೇಕು. ಈ ಸಂಖ್ಯೆ ನಿನಗೆ ತಿಳಿಯದ ಹಾಗೆ ಬದಲಾಗುತ್ತದೆ, ಹಳೆಯದನ್ನು ರಿಜಿಸ್ಟರಿನಲ್ಲೇ ಇಟ್ಟುಕೊಂಡು ಕೂರಬೇಡ ಎಂದು ಕಂಪೈಲರಿಗೆ ಹೇಳುವ ಮಾತು ಅದು. ಆದರೆ `volatile` ಒಂದೇ ಇದ್ದರೆ ಸಾಲದು. ಎರಡು ತುತ್ತಿನ ಓದನ್ನು ಅದು ಒಂದು ಮಾಡುವುದಿಲ್ಲ.

ಕಾಯುವ ಹೊತ್ತು

ಪಲ್ಸ್ ಬಂದ ಗಳಿಗೆಯಿಂದ ಐಎಸ್‌ಆರ್‌ನ ಮೊದಲ ಅಸಲು ಸೂಚನೆಯವರೆಗಿನ ಅಂತರಕ್ಕೆ ಲೇಟೆನ್ಸಿ ಎನ್ನುತ್ತಾರೆ. ಊನೊದಲ್ಲಿ ಮೇಲಿನ ಲೆಕ್ಕದ ಪ್ರಕಾರ 7 ಮತ್ತು 12 ಸೇರಿ 19 ಮಿಡಿತ, ಕೈಯಲ್ಲಿದ್ದ ಸೂಚನೆ ಮುಗಿಸುವ ಹೊತ್ತು ಬೇರೆ. ಒಂದೂವರೆ ಮೈಕ್ರೋಸೆಕೆಂಡಿನೊಳಗೆ ಮುಗಿಯುತ್ತದೆ. ಆದರೆ ಈ ಲೆಕ್ಕ ಬಾಗಿಲು ತೆರೆದಿದ್ದರೆ ಮಾತ್ರ ಸರಿ. ಬಾಗಿಲು ಮುಚ್ಚಿದ್ದರೆ ಎಷ್ಟು ಹೊತ್ತು ಮುಚ್ಚಿರುತ್ತದೋ ಅಷ್ಟೂ ಲೇಟೆನ್ಸಿಗೆ ಸೇರುತ್ತದೆ. ಡಿಎಸ್18ಬಿ20 ಜತೆ ಮಾತಾಡಲು ಬಳಸುವ ಒನ್‌ವೈರ್ ಲೈಬ್ರರಿ ಸಮಯದ ನಿಖರತೆಗಾಗಿ ಒಂದೊಂದು ಸಲ ಸುಮಾರು 70 ಮೈಕ್ರೋಸೆಕೆಂಡು ಬಾಗಿಲು ಮುಚ್ಚುತ್ತದೆ. ಆಗ ಬಂದ ಪಲ್ಸ್ ಅಷ್ಟು ಕಾಯಲೇಬೇಕು. ಹೀಗಾಗಿ ಚಿಪ್ಪಿನ ಡೇಟಾಶೀಟಿನಲ್ಲಿರುವ ಲೇಟೆನ್ಸಿ ಒಂದು, ನಮ್ಮ ಪ್ರೋಗ್ರಾಮಿನ ಲೇಟೆನ್ಸಿ ಇನ್ನೊಂದು. ಎರಡನೆಯದನ್ನು ನಿರ್ಧರಿಸುವುದು ಇಡೀ ಪ್ರೋಗ್ರಾಮಿನಲ್ಲಿ ಬಾಗಿಲು ಅತಿ ಹೆಚ್ಚು ಹೊತ್ತು ಮುಚ್ಚಿರುವ ತಾಣ.

ನೀರಿನ ಮೀಟರಿಗೆ 70 ಮೈಕ್ರೋಸೆಕೆಂಡು ದೊಡ್ಡದಲ್ಲ. ಅತಿ ವೇಗದಲ್ಲೂ ಎರಡು ಪಲ್ಸ್‌ಗಳ ನಡುವೆ 4.4 ಮಿಲಿಸೆಕೆಂಡು ಇರುತ್ತದೆ. ಕೆಡುವುದು ಐಎಸ್‌ಆರ್ ತಾನೇ ಉದ್ದವಾದಾಗ. ಬಟನ್ ಒತ್ತಿದಾಗ ಅದರ ಲೋಹದ ತುದಿಗಳು ಅದುರಿ ಒಂದಕ್ಕೆ ನಾಲ್ಕು ಪಲ್ಸ್ ಬರುವುದುಂಟು. ಅದಕ್ಕೆಂದು ಬರೆದ ಕೋಡಿನಲ್ಲಿ 10 ಮಿಲಿಸೆಕೆಂಡು ಕಾಯುವ ಒಂದು ಸಾಲು ಇರುತ್ತದೆ. ಅದನ್ನು ಹಾಗೇ ತಂದು ನೀರಿನ ಐಎಸ್‌ಆರ್ ಒಳಗೆ ಹಾಕಿದರೆ ಏನಾಗುತ್ತದೆ ನೋಡೋಣ.

```c
ISR(INT0_vect)
{
    count++;
    _delay_ms(10);
}
```

ಆರ್ಡುಯಿನೊ ಹೊತ್ತು ತಿಳಿಯುವುದೂ ಒಂದು ಇಂಟರಪ್ಟ್‌ನಿಂದಲೇ. ಟೈಮರ್ 1.024 ಮಿಲಿಸೆಕೆಂಡಿಗೊಮ್ಮೆ ಕರೆ ಕೊಡುತ್ತದೆ, ಪ್ರತಿ ಕರೆಗೂ `millis()` ಅಷ್ಟು ಮುಂದೆ ಹೋಗುತ್ತದೆ. ನಮ್ಮ ಐಎಸ್‌ಆರ್ 10 ಮಿಲಿಸೆಕೆಂಡು ಕೂತಿರುವಾಗ ಬಾಗಿಲು ಮುಚ್ಚಿದೆ. ಅಷ್ಟರಲ್ಲಿ ಟೈಮರ್ ಒಂಬತ್ತೋ ಹತ್ತೋ ಬಾರಿ ಕರೆದಿರುತ್ತದೆ. ಆ ಕರೆಗಳನ್ನು ನೆನಪಿಡಲು ಚಿಪ್ಪಿನಲ್ಲಿರುವುದು ಫ್ಲ್ಯಾಗ್ ಎಂಬ ಒಂದೇ ಒಂದು ಬಿಟ್. ಕರೆ ಬಂದಿದೆ ಅಥವಾ ಬಂದಿಲ್ಲ ಎಂದಷ್ಟೇ ಅದು ಹೇಳಬಲ್ಲದು, ಎಷ್ಟು ಸಲ ಬಂತೆಂದು ಹೇಳಲಾರದು. ಹತ್ತು ಕರೆಯಲ್ಲಿ ಒಂಬತ್ತು ಹೋದವು.

ನಿಮಿಷಕ್ಕೆ 10 ಲೀಟರ್ ಹರಿಯುವಾಗ ಪಲ್ಸ್‌ನಿಂದ ಪಲ್ಸ್‌ಗೆ 13.3 ಮಿಲಿಸೆಕೆಂಡು. ಅಷ್ಟರಲ್ಲಿ ಟೈಮರ್ 13 ಬಾರಿ ಕರೆಯಬೇಕು. ಲೆಕ್ಕಕ್ಕೆ ಸಿಗುವುದು ನಾಲ್ಕು ಚಿಲ್ಲರೆ. ಬೋರ್ಡಿನ ಗಡಿಯಾರ ನಿಜದ ಮೂರನೇ ಒಂದು ವೇಗದಲ್ಲಿ ಓಡುತ್ತದೆ, ಅದರ ಒಂದು ಸೆಕೆಂಡು ನಮ್ಮ ಮೂರು ಸೆಕೆಂಡು. ಅದರ ಒಂದು ಸೆಕೆಂಡಿನಲ್ಲಿ ಮೂರು ಪಟ್ಟು ಪಲ್ಸ್ ಬರುವುದರಿಂದ ಪರದೆಯ ಮೇಲೆ ನಿಮಿಷಕ್ಕೆ ಸುಮಾರು 30 ಲೀಟರ್ ಎಂದು ಮೂಡುತ್ತದೆ. ತಮಾಷೆಯೆಂದರೆ ಪಲ್ಸ್ ಒಂದೂ ತಪ್ಪಿಲ್ಲ, ಆದ್ದರಿಂದ ಒಟ್ಟು ಲೀಟರ್ ಸರಿಯಾಗಿಯೇ ಇರುತ್ತದೆ. ನೋಡುವವರು ಸೆನ್ಸರನ್ನು ಅನುಮಾನಿಸುತ್ತಾರೆ, ಭಾಗಾಕಾರದ ಸಾಲನ್ನು ಅನುಮಾನಿಸುತ್ತಾರೆ. ಗಡಿಯಾರದ ಕಡೆ ಗಮನ ಹೋಗುವುದು ಕೊನೆಗೆ.

ನಲ್ಲಿಯನ್ನು ಇನ್ನಷ್ಟು ತಿರುಗಿಸಿ. ನಿಮಿಷಕ್ಕೆ 13.3 ಲೀಟರ್ ದಾಟಿದ ಮೇಲೆ 10 ಮಿಲಿಸೆಕೆಂಡಿಗಿಂತ ಬೇಗ ಮುಂದಿನ ಪಲ್ಸ್ ಬರುತ್ತದೆ. ಐಎಸ್‌ಆರ್ ಮುಗಿಯುವ ಹೊತ್ತಿಗೆ ಮತ್ತೊಂದು ಕರೆ ಕಾದು ನಿಂತಿರುತ್ತದೆ. ಈ ಚಿಪ್ಪಿನಲ್ಲಿ ಪಿನ್‌ನ ಇಂಟರಪ್ಟ್‌ಗೆ ಟೈಮರಿಗಿಂತ ಹೆಚ್ಚಿನ ಆದ್ಯತೆ. ಹೀಗಾಗಿ ಗಡಿಯಾರ ಪೂರ್ತಿ ನಿಲ್ಲುತ್ತದೆ, ಪರದೆ ಕದಲುವುದಿಲ್ಲ. ನಲ್ಲಿ ಸ್ವಲ್ಪ ಮುಚ್ಚಿದರೆ ಮತ್ತೆ ಜೀವ ಬರುತ್ತದೆ. ಕಾಯುವ ಕೆಲಸ, ಪರದೆಗೆ ಬರೆಯುವ ಕೆಲಸ, ಲೀಟರಿನ ಭಾಗಾಕಾರ ಇವೆಲ್ಲ ಮುಖ್ಯ ಪ್ರೋಗ್ರಾಮಿನಲ್ಲೇ ಇರಬೇಕು. ಐಎಸ್‌ಆರ್ ಎಣಿಸಿ ಹೊರಡಬೇಕು.

ಇಳಿಯದ ಫ್ಲ್ಯಾಗ್

ಊನೊದಲ್ಲಿ ಚೆನ್ನಾಗಿ ಓಡಿದ ಈ ಮೀಟರನ್ನು ಇನ್ನೂ ವೇಗದ ಬೋರ್ಡಿಗೆ ಸಾಗಿಸುವವರು ಬಹಳ ಮಂದಿ. ಬ್ಲೂ ಪಿಲ್ ಎಂದು ಕರೆಯುವ ಅಗ್ಗದ ಬೋರ್ಡಿನಲ್ಲಿರುವುದು ಎಸ್‌ಟಿಎಂ32ಎಫ್103, ಅದರೊಳಗೆ ಆರ್ಮ್ ಕಂಪನಿ ವಿನ್ಯಾಸಗೊಳಿಸಿದ ಕಾರ್ಟೆಕ್ಸ್-ಎಂ3. 32 ಬಿಟ್, 72 ಮೆಗಾಹರ್ಟ್ಸ್. ಇಲ್ಲಿ ಕಾಂಟೆಕ್ಸ್ಟ್ ಉಳಿಸುವ ಕೆಲಸವನ್ನು ಬಹುಪಾಲು ಯಂತ್ರಾಂಶವೇ ಮಾಡುತ್ತದೆ. ಸಿ ಫಂಕ್ಷನ್ ಒಂದು ಕೇಳದೆ ಬಳಸಬಹುದಾದ ಎಂಟು ರಿಜಿಸ್ಟರುಗಳನ್ನು, 32 ಬೈಟು, ಅದೇ ಸ್ಟ್ಯಾಕಿಗೆ ಹಾಕಿ 12 ಮಿಡಿತಗಳಲ್ಲಿ ಐಎಸ್‌ಆರ್ ಮುಟ್ಟುತ್ತದೆ. ಮೆಮೊರಿ ಕಾಯಿಸದಿದ್ದರೆ ಇದು ಒಂದು ಮೈಕ್ರೋಸೆಕೆಂಡಿನ ಆರನೇ ಒಂದು ಭಾಗ. ಎಣಿಕೆಯನ್ನು ಒಂದೇ ತುತ್ತಿನಲ್ಲಿ ಓದಬಲ್ಲುದರಿಂದ 145 ಲೀಟರಿನ ಭೂತವೂ ಇಲ್ಲ. ಎಲ್ಲ ವಿಧದಲ್ಲೂ ಉತ್ತಮವೇ. ಆದರೆ `count++` ಮಾತ್ರ ಇರುವ ಅದೇ ಐಎಸ್‌ಆರ್ ಹಾಕಿ ನಲ್ಲಿ ತಿರುಗಿಸಿದರೆ ಮೊದಲ ಪಲ್ಸ್‌ಗೇ ಬೋರ್ಡು ಸ್ತಬ್ಧ.

ಕಾರಣ ಫ್ಲ್ಯಾಗಿನಲ್ಲಿದೆ. ಊನೊದಲ್ಲಿ ಪಿನ್‌ನ ಪಲ್ಸ್‌ಗೆ ಏಳುವ ಫ್ಲ್ಯಾಗನ್ನು ಐಎಸ್‌ಆರ್‌ಗೆ ಜಿಗಿಯುವಾಗಲೇ ಯಂತ್ರಾಂಶ ಇಳಿಸಿಬಿಡುತ್ತದೆ. ಬರೆದವರು ಅದರ ಬಗ್ಗೆ ಯೋಚಿಸಬೇಕಿಲ್ಲ. ಎಸ್‌ಟಿಎಂ32ರಲ್ಲಿ ಪಲ್ಸ್ ಗಮನಿಸುವ ಭಾಗ ಬೇರೆ, ಇಂಟರಪ್ಟ್ ಹಂಚುವ ಭಾಗ ಬೇರೆ. ಮೊದಲನೆಯದರ ಹೆಸರು ಎಕ್ಸ್‌ಟಿಐ. ಅದು ಪಲ್ಸ್ ಕಂಡಾಗ ತನ್ನ ಫ್ಲ್ಯಾಗ್ ಎತ್ತಿ, ಎರಡನೆಯದಾದ ಎನ್‌ವಿಐಸಿ ಕಡೆಗಿರುವ ತಂತಿಯನ್ನು ಎತ್ತಿ ಹಿಡಿಯುತ್ತದೆ. ಐಎಸ್‌ಆರ್ ಶುರುವಾದಾಗ ಎನ್‌ವಿಐಸಿ ತನ್ನ ಟಿಪ್ಪಣಿಯನ್ನು ಮಾತ್ರ ಅಳಿಸಿಕೊಳ್ಳುತ್ತದೆ. ಎಕ್ಸ್‌ಟಿಐನ ಫ್ಲ್ಯಾಗ್ ಹಾಗೇ ಇರುತ್ತದೆ. ಐಎಸ್‌ಆರ್ ಮುಗಿದಾಗ ಎನ್‌ವಿಐಸಿ ತಂತಿ ನೋಡುತ್ತದೆ, ಇನ್ನೂ ಎತ್ತಿಯೇ ಇದೆ. ಹಾಗಾದರೆ ಇನ್ನೊಂದು ಕರೆ ಇದೆ ಎಂದು ಮತ್ತೆ ಅದೇ ಐಎಸ್‌ಆರ್‌ಗೆ ಕಳಿಸುತ್ತದೆ.

ರೈಲಿನಲ್ಲಿ ಯಾರಾದರೂ ಚೈನ್ ಎಳೆದಾಗಲೂ ಹೀಗೇ. ರೈಲು ನಿಂತಿತು, ಸಿಬ್ಬಂದಿ ಬಂದು ಪ್ರಯಾಣಿಕರ ತೊಂದರೆ ವಿಚಾರಿಸಿದರು ಎಂದ ಮಾತ್ರಕ್ಕೆ ರೈಲು ಹೊರಡುವುದಿಲ್ಲ. ಚೈನ್ ಎಳೆದ ಬೋಗಿಗೇ ಹೋಗಿ ಅಲ್ಲಿನ ಕವಾಟವನ್ನು ರೀಸೆಟ್ ಮಾಡಬೇಕು, ಅಲ್ಲಿಯತನಕ ಬ್ರೇಕ್ ಸಡಿಲುವುದಿಲ್ಲ. ವಿಚಾರಣೆ ಬೇರೆ, ಕರೆಯನ್ನು ಇಳಿಸುವುದು ಬೇರೆ.

ಕಾರ್ಟೆಕ್ಸ್-ಎಂ3ರ ಒಂದು ಜಾಣತನ ಇಲ್ಲಿ ತಿರುಗುಬಾಣವಾಗುತ್ತದೆ. ಒಂದು ಐಎಸ್‌ಆರ್ ಮುಗಿದಾಗ ಇನ್ನೊಂದು ಕಾದಿದ್ದರೆ ಅದು ರಿಜಿಸ್ಟರುಗಳನ್ನು ಸ್ಟ್ಯಾಕಿನಿಂದ ತೆಗೆದು ಮತ್ತೆ ಹಾಕುವ ವ್ಯರ್ಥ ಕೆಲಸ ಮಾಡದೆ 6 ಮಿಡಿತದಲ್ಲಿ ನೇರವಾಗಿ ಮುಂದಿನದಕ್ಕೆ ಹೋಗುತ್ತದೆ. ಹೀಗಾಗಿ ಫ್ಲ್ಯಾಗ್ ಇಳಿಸದಿದ್ದರೆ ಮುಖ್ಯ ಪ್ರೋಗ್ರಾಮಿಗೆ ಒಂದು ಸೂಚನೆಯಷ್ಟೂ ಜಾಗ ಸಿಗುವುದಿಲ್ಲ. ಡಿಬಗರ್ ಹಚ್ಚಿ ನಿಲ್ಲಿಸಿ ನೋಡಿದಾಗಲೆಲ್ಲ ಚಿಪ್ ಐಎಸ್‌ಆರ್ ಒಳಗೇ ಸಿಗುತ್ತದೆ, ಒಂದೇ ಪಲ್ಸ್‌ಗೆ ಎಣಿಕೆ ಲಕ್ಷಗಳಲ್ಲಿರುತ್ತದೆ. ಊನೊದಲ್ಲೂ ಇಂಥ ಫ್ಲ್ಯಾಗುಗಳಿವೆ. ಸೀರಿಯಲ್ ಪೋರ್ಟಿಗೆ ಅಕ್ಷರ ಬಂದಾಗ ಏಳುವ ಫ್ಲ್ಯಾಗ್, ಆ ಅಕ್ಷರವನ್ನು `UDR0`ದಿಂದ ಓದಿದ ಮೇಲೇ ಇಳಿಯುತ್ತದೆ. ಓದದೆ ಹೊರಬಂದರೆ ಐಎಸ್‌ಆರ್ ಮರುಕಳಿಸುತ್ತಲೇ ಇರುತ್ತದೆ. ಆದರೆ ಆ ಚಿಪ್ ಪ್ರತಿ ಸಲ ಮರಳಿದಾಗಲೂ ಮುಖ್ಯ ಪ್ರೋಗ್ರಾಮಿನ ಒಂದು ಸೂಚನೆಯನ್ನು ಮುಗಿಸಿಯೇ ಮತ್ತೆ ಹೊರಡುವುದರಿಂದ, ಬೋರ್ಡು ನಿಲ್ಲುವ ಬದಲು ತೆವಳುತ್ತದೆ.

ಯಂತ್ರಾಂಶ ತಾನೇ ಫ್ಲ್ಯಾಗ್ ಇಳಿಸಿಕೊಂಡರೆ ಆಗದೇ ಎಂದು ಕೇಳಬಹುದು. ಒಂದೇ ಐಎಸ್‌ಆರ್‌ಗೆ ಹಲವು ಕರೆಗಳು ಬರುವ ಕಡೆ ಅದು ನಡೆಯದು. ಎಸ್‌ಟಿಎಂ32ರಲ್ಲಿ 5ರಿಂದ 9ರವರೆಗಿನ ಐದು ಲೈನುಗಳಿಗೆ ಇರುವುದು ಒಂದೇ ಐಎಸ್‌ಆರ್. ಒಳಬಂದ ಮೇಲೆ ಕರೆದವರು ಯಾರೆಂದು ತಿಳಿಯುವುದು ಫ್ಲ್ಯಾಗುಗಳನ್ನು ನೋಡಿಯೇ. ನೋಡುವ ಮೊದಲೇ ಇಳಿದಿದ್ದರೆ ಗುರುತು ಹಿಡಿಯುವುದು ಹೇಗೆ?

ಎಲ್ಲಿ, ಹೇಗೆ ಇಳಿಸಬೇಕು

ನಮ್ಮ ಮೀಟರ್ 0ನೇ ಲೈನಿನಲ್ಲಿದ್ದರೆ ಸರಿಯಾದ ಐಎಸ್‌ಆರ್ ಹೀಗಿರಬೇಕು:

```c
void EXTI0_IRQHandler(void)
{
    EXTI->PR = 1u << 0;
    count++;
}
```

ವಿಚಿತ್ರವಾಗಿ ಕಾಣುವುದು ಮೊದಲ ಸಾಲು. ಫ್ಲ್ಯಾಗ್ ಇಳಿಸಲು ಸೊನ್ನೆ ಬರೆಯಬೇಕಲ್ಲವೇ, ಇಲ್ಲಿ 1 ಬರೆದಿದೆ. ಈ ರಿಜಿಸ್ಟರಿನಲ್ಲಿ 1 ಬರೆದ ಬಿಟ್ ಇಳಿಯುತ್ತದೆ, 0 ಬರೆದ ಬಿಟ್ ಹೇಗಿತ್ತೋ ಹಾಗೇ ಇರುತ್ತದೆ. ಇದರಿಂದ ಬೇಕಾದ ಒಂದನ್ನು ಮಾತ್ರ ಒಂದೇ ಬರವಣಿಗೆಯಲ್ಲಿ ಇಳಿಸಬಹುದು, ಉಳಿದವರ ಕರೆಗಳಿಗೆ ಕೈ ತಾಗುವುದಿಲ್ಲ. ಈ ಮರ್ಮ ತಿಳಿಯದೆ ರೂಢಿಯಂತೆ `EXTI->PR |= 1u << 0;` ಎಂದು ಬರೆದರೆ ಚಿಪ್ ಮೊದಲು ಇಡೀ ರಿಜಿಸ್ಟರನ್ನು ಓದುತ್ತದೆ. ಆಗ 1ನೇ ಲೈನಿನ ಬಟನ್ ಕರೆಯೂ ಎದ್ದಿದ್ದರೆ ಓದಿದ್ದರಲ್ಲಿ ಅದೂ 1 ಆಗಿಯೇ ಬರುತ್ತದೆ. ಅದನ್ನೇ ಮರಳಿ ಬರೆದಾಗ ಎರಡೂ ಇಳಿಯುತ್ತವೆ. ನೀರು ಹರಿಯುವಾಗ ಬಟನ್ ಒತ್ತಿದರೆ ಆಗೊಮ್ಮೆ ಈಗೊಮ್ಮೆ ಕೆಲಸ ಮಾಡುವುದಿಲ್ಲ ಎಂಬ ದೂರಿನ ಮೂಲ ಇಂಥ ಕಡೆ ಇರುತ್ತದೆ. ಅದೇ ಚಿಪ್ಪಿನ ಟೈಮರುಗಳಲ್ಲಿ ಪದ್ಧತಿ ಉಲ್ಟಾ, ಅಲ್ಲಿ 0 ಬರೆದರೆ ಇಳಿಯುತ್ತದೆ. ಹೀಗಾಗಿ ಪ್ರತಿ ಫ್ಲ್ಯಾಗಿಗೂ ಅದರದೇ ಕೈಪಿಡಿ ಪುಟ ತೆರೆದು ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ಎರಡನೆಯ ವಿಷಯ ಸ್ಥಳದ್ದು. ಆ ಸಾಲನ್ನು ಕೊನೆಗೆ ಹಾಕಿದರೂ ಇಳಿಯುತ್ತದೆಯಲ್ಲ? ಇಳಿಯುತ್ತದೆ, ತಡವಾಗಿ. ಬರೆಯುವ ಆಜ್ಞೆಯನ್ನು ಚಿಪ್ಪಿನ ಕೇಂದ್ರ ಭಾಗ ಒಂದು ಬಫರಿಗೆ ಒಪ್ಪಿಸಿ ಮುಂದೆ ಹೋಗಿಬಿಡುತ್ತದೆ. ಅದು ಒಳಗಿನ ಬಸ್ ದಾಟಿ ಎಕ್ಸ್‌ಟಿಐ ತಲುಪಲು ಕೆಲವು ಮಿಡಿತ ಬೇಕು. ಬರೆದ ಮರುಸೂಚನೆಯೇ ಐಎಸ್‌ಆರ್‌ನ ಕೊನೆಯಾಗಿದ್ದರೆ, ಫ್ಲ್ಯಾಗ್ ಇಳಿಯುವ ಮೊದಲೇ ಎನ್‌ವಿಐಸಿ ತಂತಿಯನ್ನು ನೋಡಿ ಇನ್ನೊಮ್ಮೆ ಒಳಗೆ ಕಳಿಸಬಹುದು. ಪ್ರತಿ ಪಲ್ಸ್ ಎರಡಾಗಿ ಎಣಿಕೆಯಾಗುತ್ತದೆ. ಮೊದಲ ಸಾಲಿನಲ್ಲೇ ಇಳಿಸಿದರೆ `count++` ನಡೆಯುವಷ್ಟರಲ್ಲಿ ಆಜ್ಞೆ ಮುಟ್ಟಿರುತ್ತದೆ. ಇಷ್ಟು ಚಿಕ್ಕ ಐಎಸ್‌ಆರ್‌ನಲ್ಲಿ ಅದೂ ಸಾಲದೆನಿಸಿದರೆ ಇಳಿಸಿದ ರಿಜಿಸ್ಟರನ್ನೇ ಒಮ್ಮೆ ಓದಿಬಿಡುತ್ತಾರೆ. ಬರೆದದ್ದು ಮುಟ್ಟದೆ ಓದಿನ ಉತ್ತರ ಬರುವುದಿಲ್ಲ.

ಮೊದಲೇ ಇಳಿಸಲು ಇನ್ನೂ ಒಂದು ಕಾರಣವಿದೆ. ಫ್ಲ್ಯಾಗ್ ಒಂದೇ ಬಿಟ್ ಎಂಬುದು ನೆನಪಿರಲಿ. ಐಎಸ್‌ಆರ್ ಓಡುತ್ತಿರುವಾಗ ಹೊಸ ಪಲ್ಸ್ ಬಂದರೆ, ಮೊದಲೇ ಇಳಿಸಿದ್ದ ಫ್ಲ್ಯಾಗ್ ಮತ್ತೆ ಏಳುತ್ತದೆ, ಆ ಪಲ್ಸ್‌ಗೂ ಸರದಿ ಸಿಗುತ್ತದೆ. ಕೊನೆಗೆ ಇಳಿಸುವ ಪದ್ಧತಿಯಲ್ಲಿ ಹೊಸ ಪಲ್ಸ್ ಬಂದಾಗ ಫ್ಲ್ಯಾಗ್ ಆಗಲೇ ಎದ್ದಿರುತ್ತದೆ, ಎರಡನೆಯ ಕರೆಯ ಗುರುತು ಉಳಿಯುವುದಿಲ್ಲ. ಕೊನೆಯ ಸಾಲು ಎರಡನ್ನೂ ಒಟ್ಟಿಗೇ ಅಳಿಸಿಹಾಕುತ್ತದೆ.

ಒಂದು ಕ್ಯಾನ್ ನೀರಿನ ಪರೀಕ್ಷೆ

ಈ ತಪ್ಪುಗಳನ್ನು ಪತ್ತೆ ಮಾಡಲು ದುಬಾರಿ ಉಪಕರಣ ಬೇಕಿಲ್ಲ. 20 ಲೀಟರಿನ ನೀರಿನ ಕ್ಯಾನ್ ಒಂದು, ಕೈಗಡಿಯಾರ ಒಂದು ಸಾಕು. ಕ್ಯಾನ್ ತುಂಬುವ ತನಕ ನಲ್ಲಿ ಬಿಟ್ಟು ಪರದೆ ನೋಡಿ. ಒಟ್ಟು ಲೀಟರ್ ಸರಿಯಿದ್ದು ನಿಮಿಷದ ಲೆಕ್ಕ ಮಾತ್ರ ಹೆಚ್ಚು ತೋರಿಸುತ್ತಿದ್ದರೆ ಐಎಸ್‌ಆರ್ ಉದ್ದವಾಗಿದೆ, `millis()` ಅನ್ನು ಕೈಗಡಿಯಾರದ ಪಕ್ಕ ಇಟ್ಟು ನೋಡಿದರೆ ಖಚಿತವಾಗುತ್ತದೆ. ಒಟ್ಟು 40 ಲೀಟರಿನ ಹತ್ತಿರ ಬಂದರೆ ಫ್ಲ್ಯಾಗ್ ತಡವಾಗಿ ಇಳಿಯುತ್ತಿದೆ. ನೀರು ಬಂದ ಕೂಡಲೇ ಬೋರ್ಡು ನಿಂತರೆ ಫ್ಲ್ಯಾಗ್ ಇಳಿಯುತ್ತಲೇ ಇಲ್ಲ. ಗಂಟೆಗಟ್ಟಲೆ ಸರಿಯಾಗಿ ಓಡಿ ಒಮ್ಮೆ ಇದ್ದಕ್ಕಿದ್ದಂತೆ 145 ಲೀಟರ್ ಹಾರಿದರೆ ಎಣಿಕೆಯನ್ನು ಎರಡು ತುತ್ತಿನಲ್ಲಿ ಓದುವ ಜಾಗ ಹುಡುಕಬೇಕು. ಸೆನ್ಸರೇ ತಪ್ಪಾಗಿದ್ದರೆ ಅಂಕಿ ಹೀಗೆ ಎರಡು ಪಟ್ಟು, ಮೂರು ಪಟ್ಟು ಆಗುವುದಿಲ್ಲ. ನೂರಕ್ಕೆ ಐದೋ ಹತ್ತೋ ಪಾಲು ಆಚೀಚೆ ಆಗುತ್ತದೆ. ಅದನ್ನು 450ರ ಬದಲು ಬೇರೆ ಅಂಕಿ ಹಾಕಿ ಸರಿಪಡಿಸಬಹುದು. ಪಟ್ಟುಗಳಲ್ಲಿ ತಪ್ಪುವ ಮೀಟರಿಗೆ 450ನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ತಿದ್ದಬೇಕಾದದ್ದು ಐಎಸ್‌ಆರ್ ಮತ್ತು ಅದರ ಎಣಿಕೆಯನ್ನು ಓದುವ ಸಾಲು.